ಪೀಠಿಕೆಯ ಎರಡನೆಯ ವಾಕ್ಯ

ನಿವೃತ್ತ ಇಂಜಿನಿಯರ್ ಸೋದರಮಾವ ತಾವು ವಿನ್ಯಾಸ ಮಾಡಿದ ಸೇತುವೆಯ ಬಗ್ಗೆ ಬರೆದ ಲೇಖನವನ್ನು ಅಂತರ್ಜಾಲದ ವಿಶ್ವಕೋಶದವರು ಒಂದೇ ಏಟಿಗೆ ತಿರಸ್ಕರಿಸಿದ್ದರು. ಲೋಕಕ್ಕೆ ಕೃತಜ್ಞತೆಯೇ ಇಲ್ಲವೆಂದು ಮೂರು ದಿನ ಮುಖ ಊದಿಸಿಕೊಂಡಿದ್ದ ಅವರು ನಾಲ್ಕನೆಯ ದಿನ ಸೊಸೆಯನ್ನು ಹುಡುಕಿಕೊಂಡು ಗ್ರಂಥಾಲಯಕ್ಕೇ ಬಂದರು. ಅಕ್ಕನ ಮಗಳಾದ ಈ ಸೊಸೆ ಅಲ್ಲಿನ ಗ್ರಂಥಪಾಲಕಿ. ಬಿಡುವಿನಲ್ಲಿ ಅದೇ ವಿಶ್ವಕೋಶಕ್ಕೆ ಬರೆಯುತ್ತ, ಇತರರು ಬರೆದದ್ದನ್ನು ತಿದ್ದುತ್ತ ಬಂದವಳು.

"ಸ್ವಲ್ಪ ಅಲ್ಲಿ ಇಲ್ಲಿ ಜೋಡಿಸಿಕೊಡಮ್ಮ. ವಿಷಯ ಎಲ್ಲಾ ಇದೆ," ಎಂದರು ಮಾವ.

ವಿಷಯವೇನೋ ಇತ್ತು. ನದಿಗಳು ನಾಗರಿಕತೆಯ ತೊಟ್ಟಿಲು ಎಂದು ಶುರುವಾದ ಕರಡು ಮಾವನ ಜನನ, ಬಾಲ್ಯದ ಚುರುಕುತನ, ಗಣಿತದಲ್ಲಿ ಬಂದ ಅಂಕಗಳನ್ನೆಲ್ಲ ಹಾದು ಒಂಬತ್ತನೆಯ ಪ್ಯಾರಾದಲ್ಲಿ ಸೇತುವೆಗೆ ಬಂದು ಮುಟ್ಟುತ್ತಿತ್ತು. ಅಷ್ಟು ಹೊತ್ತಿಗೆ ಓದುಗ ಈಜಿಕೊಂಡೇ ಆಚೆ ದಡ ಸೇರಿರುತ್ತಿದ್ದ.

ಗ್ರಂಥಪಾಲಕಿ ಮೊದಲು ಮಾಹಿತಿ ಪೆಟ್ಟಿಗೆ ತೆರೆದಳು. ಅದು ಪುಟದ ಪಕ್ಕದಲ್ಲಿ ನಿಲ್ಲುವ ಸಣ್ಣ ಚೌಕ. ಉದ್ದ, ಅಗಲ, ಕಟ್ಟಿದ ವರ್ಷ, ವಿನ್ಯಾಸಕ, ಇಂಥವಷ್ಟೇ. ವಿಶೇಷಣಗಳಿಗೆ ಅಲ್ಲಿ ಜಾಗವಿಲ್ಲ. 'ಅಜರಾಮರ' ಎಂಬುದನ್ನು ಯಾವ ಕಾಲಂಗೆ ಹಾಕುವುದೆಂದು ಮಾವ ಕೇಳಿದಾಗ ಅವಳು ಮುಂದಿನ ಸಾಲಿಗೆ ಹೋದಳು. ಅಲ್ಲಿ 'ಪ್ರಸ್ತುತ ಸ್ಥಿತಿ' ಎಂದಿತ್ತು.

ಕರಡನ್ನು ಕೊನೆಯತನಕ ಜಾಲಾಡಿದಾಗ ಇಪ್ಪತ್ತೇಳನೆಯ ಪ್ಯಾರಾದಲ್ಲಿ, ಉದ್ಘಾಟನೆಗೆ ಬಂದ ಗಣ್ಯರ ಹೆಸರುಗಳ ನಡುವೆ ಒಂದು ವಾಕ್ಯ ಮುದುರಿ ಕೂತಿತ್ತು: 'ಸೇತುವೆಯು ಸದ್ಯ ವಿಶ್ರಾಂತಿಯಲ್ಲಿದೆ.'

"ಮಾವ, ಸೇತುವೆ ಎಲ್ಲಾದ್ರೂ ವಿಶ್ರಾಂತಿ ತಗೊಳ್ಳುತ್ತಾ? ಕಂಬ ಕುಸಿದು ಮುಚ್ಚಿ ಆರು ವರ್ಷ ಆಯ್ತು."

ಮಾವ ಕನ್ನಡಕ ತೆಗೆದು ಒರೆಸಿದರು. ಅದು ಸಣ್ಣ ಸಂಗತಿ, ಕೊನೆಯಲ್ಲಿದ್ದರೆ ಸಾಕು ಎಂದರು.

ಲೇಖನದ ಸಾರವೆಲ್ಲ ಪೀಠಿಕೆಯಲ್ಲೇ ಬರಬೇಕು, ಅದನ್ನಷ್ಟೇ ಓದಿ ಹೋಗುವವರೇ ಹೆಚ್ಚು ಎಂದು ಅವಳು ತಿಳಿಸಿದಳು. ಆಮೇಲೆ ಮಾವನ ಎದುರಿಗೇ ಆಧಾರಗಳನ್ನು ಹರಡಿದಳು. ಮಾವನ ಭಾಷಣಗಳು, ಮಾವನೇ ಅಚ್ಚು ಹಾಕಿಸಿದ ಸ್ಮರಣ ಸಂಚಿಕೆ, ಮಾವನ ಸಂದರ್ಶನ: ಇವು ಯಾವುವೂ ಸಲ್ಲವು, ಹೊರಗಿನವರು ಬರೆದದ್ದೇ ಬೇಕು. ಹೊರಗಿನವರು ಸೇತುವೆ ನಿಂತಿದ್ದಾಗ ಅದರ ಬಗ್ಗೆ ಒಂದು ಸಾಲನ್ನೂ ಬರೆದಿರಲಿಲ್ಲ. ಕುಸಿದ ಮೇಲೆ ಮಾತ್ರ ಪತ್ರಿಕೆಗಳು ವಾರಗಟ್ಟಲೆ ಬರೆದಿದ್ದವು, ತನಿಖಾ ವರದಿಯೂ ಬಂದಿತ್ತು.

"ಅಂದ್ರೆ?" ಎಂದರು ಮಾವ.

"ಕುಸಿದದ್ದನ್ನ ಬಿಟ್ರೆ ಲೇಖನವೇ ಉಳಿಯಲ್ಲ. ಇಟ್ರೆ ಪೀಠಿಕೆಯಲ್ಲೇ ಇರ್ಬೇಕು. ಯಾವುದು ಬೇಕು, ನೀವೇ ಹೇಳಿ."

ಮಾವ ಮನೆಗೆ ಹೋಗಿ ಊಟ ಬಿಟ್ಟರು. ಹಾಗೆಂದು ಅತ್ತೆ ಫೋನಿನಲ್ಲಿ ವರದಿ ಮಾಡಿದರು, ತಿಂಡಿ ಮಾತ್ರ ಎರಡು ಸಲ ಆಯಿತೆಂದೂ ಸೇರಿಸಿದರು. ಮರುದಿನ ಮಾವ ಬಂದು, ಇರಲಿ, ಹಾಕು ಎಂದರು. ಹೆಸರಿಲ್ಲದೆ ಇರುವುದಕ್ಕಿಂತ ಕುಸಿದು ಹೆಸರಾಗುವುದೇ ಲೇಸೆಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದಿರಬೇಕು.

ಅವಳು ಬಾಲ್ಯ, ಅಂಕಪಟ್ಟಿ, ತೊಟ್ಟಿಲು ಎಲ್ಲವನ್ನೂ ಕಿತ್ತುಹಾಕಿದಳು. ಮೊದಲ ವಾಕ್ಯದಲ್ಲಿ ಸೇತುವೆ ಎಂಥದು, ಎಲ್ಲಿದೆ, ಯಾವಾಗ ಕಟ್ಟಿದ್ದು; ಎರಡನೆಯದರಲ್ಲಿ ಕಂಬ ಕುಸಿದು ಮುಚ್ಚಿದ್ದು. ಕೆಳಗೆ ಇತಿಹಾಸ, ವಿನ್ಯಾಸ, ಕುಸಿತ ಮತ್ತು ತನಿಖೆ ಎಂಬ ವಿಭಾಗಗಳು. 'ಇವನ್ನೂ ನೋಡಿ' ಪಟ್ಟಿಯಲ್ಲಿ ಮಾವ ಜಗತ್ತಿನ ಹೆಸರಾಂತ ಸೇತುವೆಗಳನ್ನೆಲ್ಲ ತಂದು ಸಾಲಾಗಿ ನಿಲ್ಲಿಸಿದ್ದರು, ಬೀಗರ ಸಾಲಿನಲ್ಲಿ ತಾವೂ ಒಂದು ಕುರ್ಚಿ ಹಿಡಿದವರಂತೆ. ನೇರ ಸಂಬಂಧವಿದ್ದು, ಲೇಖನದೊಳಗೆ ಆಗಲೇ ಕೊಂಡಿ ಪಡೆಯದ ಪುಟಗಳಷ್ಟೇ ಅಲ್ಲಿರಬೇಕೆಂದು ಅವಳು ಅವರನ್ನೆಲ್ಲ ಎಬ್ಬಿಸಿ ಕಳಿಸಿದಳು. ಉಳಿದದ್ದು ಎರಡು: ಆ ನದಿಯ ಸೇತುವೆಗಳ ಪಟ್ಟಿ, ಮತ್ತು ಈಗ ಜನ ನದಿ ದಾಟಲು ಬಳಸುತ್ತಿದ್ದ ದೋಣಿ ಸೇವೆ. ಲೇಖನದ ಬಗ್ಗೆ ಸಂಪಾದಕರು ಮಾತಾಡಿಕೊಳ್ಳುವ ಚರ್ಚಾಪುಟದಲ್ಲಿ, ನಿಯಮದಂತೆ, ತಮ್ಮಿಬ್ಬರ ನೆಂಟಸ್ತಿಕೆಯನ್ನೂ ಬರೆದು ಪರಿಶೀಲನೆಗೆ ಕಳಿಸಿದಳು. ಅಪರಿಚಿತ ಸಂಪಾದಕರೊಬ್ಬರು ಒಪ್ಪಿಕೊಂಡರು.

ತಿಂಗಳೊಳಗೆ ಯಾರೋ ಹಿತೈಷಿಗಳು ಆ ಎರಡನೆಯ ವಾಕ್ಯವನ್ನು ಅಳಿಸಿದರು. ಸೇತುವೆ ಕಟ್ಟಿದ ಗುತ್ತಿಗೆದಾರನ ಮನೆಯವರೇ ಇರಬೇಕೆಂದು ಅತ್ತೆಯ ಅನುಮಾನ. ಗ್ರಂಥಪಾಲಕಿ ನೋಡುವ ಮೊದಲೇ ಮಾವ ಚರ್ಚಾಪುಟದಲ್ಲಿ ಕಿಡಿಕಿಡಿಯಾಗಿದ್ದರು: ಕುಸಿತಕ್ಕೆ ಗಟ್ಟಿ ಆಧಾರವಿದೆ, ಅದನ್ನು ಅಳಿಸುವುದು ಸತ್ಯಕ್ಕೆ ಬಗೆದ ದ್ರೋಹ, ತಕ್ಷಣ ಮರಳಿಸತಕ್ಕದ್ದು. ತಾವು ಸಂಬಂಧಪಟ್ಟವರಾದ್ದರಿಂದ ನಿಯಮದಂತೆ ಲೇಖನವನ್ನು ತಾವೇ ಮುಟ್ಟಿಲ್ಲವೆಂಬ ಷರಾ ಬೇರೆ.

ಆಧಾರ ನೋಡಿ ಬೇರೊಬ್ಬರು ವಾಕ್ಯವನ್ನು ಮರಳಿಸಿದರು. ಅಂದು ಸಂಜೆ ಅತ್ತೆ ಫೋನ್ ಮಾಡಿದರು.

"ತನಿಖೆಯವರ ಎದುರಿಗೆ ಅಷ್ಟು ದಿನ ಬಾಯಿಬಿಡದೆ ಕೂತಿದ್ರು. ಈಗ ನೋಡು, ಕುಸಿದದ್ದು ನಿಜ ಅಂತ ಊರೆಲ್ಲಾ ಸಾರ್ತಿದಾರೆ."

ಹಿಂದಿನಿಂದ ಮಾವನ ಸ್ವರ ಕೇಳಿಸಿತು. ಇನ್ನೊಂದು ಪತ್ರಿಕೆಯ ವರದಿ ಸಿಕ್ಕಿದೆಯಂತೆ, ಅದರಲ್ಲಿ ಬಿರುಕಿನ ಅಳತೆಯೂ ಇದೆಯಂತೆ.