ನೆಲ ನೋಡುವ ಬಿರಡೆ

ಅಂಗಡಿ ಬಾಗಿಲು ತೆಗೆದು ಇನ್ನೂ ಕಸ ಗುಡಿಸಿರಲಿಲ್ಲ, ಅಷ್ಟರಲ್ಲಿ ಆ ಹೆಂಗಸು ಗೋಣಿಚೀಲದಲ್ಲಿ ಏನನ್ನೋ ಅಪ್ಪಿಕೊಂಡು ಬಂದು ನಿಂತಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ತಂತಿವಾದ್ಯ ರಿಪೇರಿ ಮಾಡಿ ಮಾಡಿ ಕೂದಲು ಹಣ್ಣಾಯಿತು, ಈ ಕೋಪ ಮಾತ್ರ ರಿಪೇರಿ ಆಗಲಿಲ್ಲ.

"ಅಕ್ಕಾ, ಇದು ಏನು ಅಂತ ಸ್ವಲ್ಪ ನೋಡಿ ಹೇಳ್ತೀರಾ?"

"ಕೂತ್ಕೋ. ಮೊದ್ಲು ಪೊರಕೆ ಕೆಳಗಿಡೋಕೆ ಬಿಡು."

ಚೀಲದಿಂದ ಹೊರಗೆ ಬಂದದ್ದನ್ನು ನೋಡಿ ನನಗೇ ತಬ್ಬಿಬ್ಬಾಯಿತು. ಉದ್ದನೆಯ ಕತ್ತು, ಅದರ ಮೇಲೆ ಲೋಹದ ಮೆಟ್ಟಿಲುಗಳು. ಕೆಳಗೆ ಮರದ ಬುರುಡೆ. ಬುರುಡೆಯ ಒಂದು ಭುಜ ದುಂಡಗೆ ಉಬ್ಬಿತ್ತು, ಇನ್ನೊಂದನ್ನು ಯಾರೋ ಕಚ್ಚಿ ತಿಂದ ಹಾಗೆ ಒಳಕ್ಕೆ ಕೊರೆದಿದ್ದರು. ತಲೆಯಲ್ಲಿ ತಂತಿ ಬಿಗಿಯುವ ಮೂರು ಬಿರಡೆ. ನಾಲ್ಕನೆಯದು ಮಾತ್ರ ಎಲ್ಲರನ್ನೂ ಬಿಟ್ಟು, ಕತ್ತಿನ ಪಕ್ಕದಲ್ಲಿ ಒಂಟಿಯಾಗಿ ಚುಚ್ಚಿಕೊಂಡಿತ್ತು. ತಂತಿಗಳನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಇಷ್ಟು ವರ್ಷದಲ್ಲಿ ಇಂಥದ್ದೊಂದು ನನ್ನ ಮೇಜಿಗೆ ಬಂದಿರಲಿಲ್ಲ.

"ಯಾರು ಮಾಡಿದ್ದು?"

"ನಮ್ಮಣ್ಣ. ಹಿಂದಿನ ಬೀದೀಲಿ ವಾದ್ಯ ಮಾಡ್ತಿದ್ನಲ್ಲ, ಉಳಿಯಣ್ಣ ಅಂತ."

ಉಳಿಯಣ್ಣ ನನಗೆ ಗೊತ್ತು. ಹೋದ ತಿಂಗಳು ತೀರಿಕೊಂಡ. ಮಾತು ಕಡಿಮೆ, ಕೈ ಮಾತ್ರ ಚಿನ್ನ. ಅವನಿಗೆ ಒಬ್ಬ ತಂಗಿ ಇದ್ದಾಳೆಂದು ಕೇಳಿದ್ದೆ. ಅವರಿಬ್ಬರಿಗೂ ಮಾತಿಲ್ಲ ಎಂದೂ ಕೇಳಿದ್ದೆ. ಈಗ ಇವಳು ಹೇಳಿದ ಪ್ರಕಾರ, ಅವನ ಹೆಂಡತಿ ಕಾರ್ಖಾನೆ ಖಾಲಿ ಮಾಡುತ್ತಿದ್ದಾಳಂತೆ. ಎಲ್ಲ ಒಯ್ದ ವ್ಯಾಪಾರಿ ಇದನ್ನು ನೋಡಿ ನಕ್ಕನಂತೆ. ಕೆಟ್ಟುಹೋದ ಮಾಲು, ಬಾರಿಸೋಕಂತೂ ಬರುವುದಿಲ್ಲ, ಯಾವುದಾದರೂ ಹೋಟೆಲಿನ ಗೋಡೆಗೆ ತೂಗುಹಾಕಲು ಸಂಜೆ ಒಯ್ಯುತ್ತೇನೆ ಅಂದನಂತೆ.

"ಅಣ್ಣ ಬಿಟ್ಟುಹೋಗಿದ್ದು ಕೆಟ್ಟ ಮಾಲು ಅಂದ್ರೆ ನಂಗೆ ತಡ್ಕೊಳ್ಳೋಕೆ ಆಗ್ತಿಲ್ಲ ಅಕ್ಕಾ. ಸಂಜೆವರೆಗೆ ಕೊಡಿ ಅಂತ ಅತ್ತಿಗೆ ಕೈಕಾಲು ಹಿಡಿದು ತಂದೆ. ಇದು ಏನೂ ಅಲ್ಲ ಅಂತ ನೀವೂ ಅಂದ್ರೆ ಅವನೇ ಒಯ್ಲಿ."

ವಾದ್ಯವನ್ನು ತೊಡೆಯ ಮೇಲಿಟ್ಟು, ಎಡಗೈಯಲ್ಲಿ ಕತ್ತು ಹಿಡಿದೆ. ಒಂಟಿ ಬಿರಡೆ ನೆಲ ನೋಡುತ್ತಿತ್ತು. ಅಂಥ ಬಿರಡೆ ಇರುವುದು ಗಿಡ್ಡ ತಂತಿಗೆ. ಹೆಬ್ಬೆರಳು ಸುಮ್ಮನೆ ಮೀಟುತ್ತಾ ಶ್ರುತಿ ಹಿಡಿದಿರಬೇಕಾದ ತಂತಿ ಅದು. ಅದು ಮೇಲೆ, ಹೆಬ್ಬೆರಳಿನ ಹತ್ತಿರ ಇರಬೇಕು. ಕೊರೆದ ಭುಜವೂ ಮೇಲಿತ್ತು. ಬೆರಳು ಬುರುಡೆಯ ಹತ್ತಿರದ ಮೆಟ್ಟಿಲಿಗೆ ಇಳಿಯಲಿ ಎಂದು ಕೆಳಗೆ ಕೊರೆಯುತ್ತಾರೆ, ಮೇಲೆ ಕೊರೆದರೆ ಯಾರಿಗೆ ಬೇಕು?

"ಅಚ್ಚು ಮಗುಚಿ ಇಟ್ಟು ಮರ ಕೊಯ್ದಿದಾನೆ," ಎಂದೆ. "ಕಾಯಿಲೆ ಮನುಷ್ಯ. ಕಣ್ತಪ್ಪಿದೆ, ಅಷ್ಟೇ."

ಅವಳ ಮುಖ ಬಾಡಿಹೋಯಿತು. ಅದನ್ನು ನೋಡಲಾರದೆ, ಸರಿ, ಹೇಗೆ ಕೂಗುತ್ತದೋ ನೋಡೋಣ ಎಂದು ತಂತಿ ಹಾಕಲು ಕೂತೆ. ದಪ್ಪ ತಂತಿಯನ್ನು ಅದರ ವಾಡಿಕೆಯ ಜಾಗಕ್ಕೆ ಎಳೆದರೆ, ಕತ್ತಿನ ತುದಿಯ ಮೂಳೆಪಟ್ಟಿಯ ಕಚ್ಚಿನಲ್ಲಿ ಅದು ಕೂರಲೇ ಇಲ್ಲ. ಕಚ್ಚು ಕೂದಲೆಳೆಯಷ್ಟು. ಸಣ್ಣ ತಂತಿಯನ್ನು ಇನ್ನೊಂದು ತುದಿಗೆ ಹಾಕಿದರೆ ಅಗಲ ಕಚ್ಚಿನಲ್ಲಿ ಅದು ಗಿರಗಿರ ಅಂತು. "ಥೂ, ಇದರ ಮನೆ ಹಾಳಾಗ!" ಎಂದು ಬೈದು ಕನ್ನಡಕ ಏರಿಸಿದೆ. ಮೊದಲೇ ನೋಡಬೇಕಿದ್ದುದನ್ನು ಆಗ ನೋಡಿದೆ: ಬಿರಡೆಗಳಲ್ಲಿ ಹಳೆಯ ತಂತಿಯ ತುಣುಕುಗಳು ಸಿಕ್ಕಿಕೊಂಡಿದ್ದವು. ದಪ್ಪ ತುಣುಕು ನಾನು ಸಣ್ಣ ತಂತಿ ಹಾಕಿದ ಕಡೆಯೇ ಇತ್ತು.

ತಂತಿಗಳನ್ನು ಹೊರುವ ಕುದುರೆಯ ಮೇಲೆ ಅಡಿಕೋಲು ಇಟ್ಟೆ. ದಪ್ಪ ತಂತಿ ಸ್ವರ ತಪ್ಪಬಾರದೆಂದು ಅದಕ್ಕೆ ಒಂದಿಷ್ಟು ಹೆಚ್ಚು ಉದ್ದ ಕೊಟ್ಟು ಕುದುರೆಯನ್ನು ಓರೆ ಕೂರಿಸುತ್ತಾರೆ. ಇಲ್ಲಿ ಆ ಓರೆಯೂ ತಿರುಗಿತ್ತು. ಬುರುಡೆಯ ತೂತಿನಲ್ಲಿ ಪುಟ್ಟ ಕನ್ನಡಿ ಇಳಿಸಿ ಬ್ಯಾಟರಿ ಬೆಳಕು ಬಿಟ್ಟೆ. ದಪ್ಪ ತಂತಿಯ ಭಾರಕ್ಕೆ ಆಸರೆಯಾಗಿ ಒಳಗೆ ಅಂಟಿಸುವ ಪಟ್ಟಿಯೂ ಆಚೆ ಬದಿಗಿತ್ತು. ಅಚ್ಚು ಮಗುಚಿದರೆ ಬುರುಡೆಯ ಆಕಾರ ತಿರುಗೀತು. ಕಚ್ಚು, ಕುದುರೆ, ಒಳಗಿನ ಪಟ್ಟಿ ಎಲ್ಲ ಒಟ್ಟಿಗೆ ತಿರುಗುವುದು ಕಣ್ತಪ್ಪಿನಿಂದಲ್ಲ.

"ಅಲ್ಲಮ್ಮಾ, ಇದು ತಪ್ಪಲ್ಲ," ಎಂದೆ. "ಬೇಕು ಅಂತ್ಲೇ ಮಾಡಿದಾನೆ. ಬಲಗೈಲಿ ಒತ್ತಿ ಎಡಗೈಲಿ ಮೀಟೋರಿಗೆ ಮಾಡಿದ್ದು. ಅದೂ ಎರಡೇ ಬೆರಳು ಸಾಕು. ಹೆಬ್ಬೆರಳಿಗೆ ಗಿಡ್ಡ ತಂತಿ, ತೋರುಬೆರಳಿಗೆ ಉಳಿದದ್ದು. ನಿಮ್ಮನೇಲಿ ಎಡಚರು ಯಾರಾದ್ರೂ ಇದಾರಾ?"

ತಲೆ ಎತ್ತಿದೆ. ಅವಳು ಅಷ್ಟು ಹೊತ್ತೂ ಶಾಲಿನೊಳಗೆ ಇಟ್ಟುಕೊಂಡಿದ್ದ ಎಡಗೈಯನ್ನು ಮೇಜಿನ ಮೇಲೆ ಇಟ್ಟಳು. ಹೆಬ್ಬೆರಳು, ತೋರುಬೆರಳು ಇದ್ದವು. ಉಳಿದ ಮೂರು ಬುಡದಲ್ಲೇ ಹೋಗಿದ್ದವು.

"ಅಣ್ಣನ ಗರಗಸದ ಮಿಷನ್," ಎಂದಳು. "ಹಲಗೆ ಹಿಡ್ಕೋ ಅಂದ, ಹಿಡ್ಕೊಂಡೆ. ಅವಾಗ ನಾನು ಚೆನ್ನಾಗಿ ಬಾರಿಸ್ತಿದ್ದೆ ಅಕ್ಕಾ. ಆಮೇಲೆ ಅವನ ಮುಖ ನೋಡಲಿಲ್ಲ. ಆಸ್ಪತ್ರೇಲಿದಾನೆ ಅಂದಾಗ್ಲೂ ಹೋಗಲಿಲ್ಲ."

ತಂತಿ ಬದಲಿಸಿದೆ. ದಪ್ಪದ್ದನ್ನು ಕೆಳಗಿನ ಷಡ್ಜಕ್ಕೆ, ನಡುವಿನದನ್ನು ಪಂಚಮಕ್ಕೆ, ಸಣ್ಣದನ್ನು ಮೇಲಿನ ಷಡ್ಜಕ್ಕೆ ಏರಿಸಿದೆ. ಗಿಡ್ಡ ತಂತಿಯ ಸ್ವರ ಯಾವುದು ಎಂದು ಊಹಿಸಬೇಕಾಗಲಿಲ್ಲ. ಅದರ ತುಣುಕೂ ಸಣ್ಣ ತಂತಿಯಷ್ಟೇ ದಪ್ಪ, ಉದ್ದ ಮಾತ್ರ ಮೂರರಲ್ಲಿ ಎರಡು ಪಾಲು. ಅಷ್ಟೇ ಬಿಗಿ ಕೊಟ್ಟರೆ ಅದು ಮೇಲಿನ ಪಂಚಮವನ್ನೇ ನುಡಿಯಬೇಕು. ನುಡಿಯಿತು.

ಆಗ ಇನ್ನೊಂದು ಕಣ್ಣಿಗೆ ಬಿತ್ತು. ಮೆಟ್ಟಿಲುಗಳೆಲ್ಲ ಹೊಸವುಗಳಂತೆ ಹೊಳೆಯುತ್ತಿದ್ದವು, ನಾಲ್ಕನ್ನು ಬಿಟ್ಟು. ಸಣ್ಣ ತಂತಿಯ ಕೆಳಗೆ ರಿ, ಗ, ಮ, ಪ ಬರುವ ಮೆಟ್ಟಿಲುಗಳಲ್ಲಿ ತಗ್ಗು ಬಿದ್ದಿತ್ತು. ಲೋಹದಲ್ಲಿ ಅಂಥ ತಗ್ಗು ಬೀಳಬೇಕಾದರೆ ವರ್ಷಗಟ್ಟಲೆ ಒತ್ತಿರಬೇಕು.

"ಇದನ್ನ ಯಾರೋ ಬಾರಿಸಿದಾರೆ," ಎಂದೆ. "ಒತ್ತದೆ ಬಿಟ್ಟ ತಂತಿಯ ಸ ಸೇರಿ ಐದೇ ಸ್ವರ. ಬೇರೇನೂ ಬರ್ತಿರಲಿಲ್ಲ ಪಾಪ."

"ಅದು ಮೊದಲನೇ ಪಾಠ," ಎಂದಳು. "ಚಿಕ್ಕೋಳಿದ್ದಾಗ ಅವನು ಕೆಲಸ ಮಾಡೋ ಹತ್ರ ಕೂತು ದಿನಾ ಬಾರಿಸ್ತಿದ್ದೆ. ಅವನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ ಅಕ್ಕಾ. ನಿನಗಿಂತ ಬಾಗಿಲ ಚಿಲಕ ವಾಸಿ ಅಂತ ರೇಗಿಸ್ತಿದ್ದೆ."

ಹಾಗಾದರೆ ಅವನೇ. ತಂಗಿಗೆ ಇದು ಆದೀತೇ ಎಂದು ನೋಡಲು, ತನ್ನ ಕೈಗಳನ್ನು ಅದಲುಬದಲು ಮಾಡಿಕೊಂಡು ಕಲಿತಿದ್ದಾನೆ. ನನಗೆ ಕಣ್ಣು ಮಂಜಾಯಿತು, ಸಿಟ್ಟೂ ಬಂತು. ಅಯ್ಯೋ ಪುಣ್ಯಾತ್ಮ, ಒಂದು ಮಾತು ಹೇಳಿ ಸಾಯಬಾರದಿತ್ತಾ?

ಅವಳು ಫೋನ್ ತೆಗೆದು ಅತ್ತಿಗೆಗೆ ಹಚ್ಚಿದಳು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು.

"ಅತ್ತಿಗೆ, ಅದನ್ನ ಯಾರಿಗೂ ಕೊಡ್ಬೇಡಿ. ಅಣ್ಣ ನಂಗೆ ಅಂತ ಮಾಡಿದ್ದು."



"ಹೌದೇನೇ?" ಎಂದಳು ಅತ್ತಿಗೆ. "ಹಾಗಾದ್ರೆ ನಿಮ್ಮಣ್ಣ ಅವತ್ತೊಂದಿನ ಬೆಡ್‌ಶೀಟಲ್ಲಿ ಸುತ್ಕೊಂಡು ನಿಮ್ಮನೆಗೆ ತಂದಿದ್ದು ಇದೇ ಇರ್ಬೇಕು. ಹಾಗೇ ವಾಪಸ್ ತಂದ್ರು. ಏನದು ಅಂದ್ರೆ ಹೇಳಲಿಲ್ಲ. ಮನೇಲಿ ಯಾರೂ ಇರಲಿಲ್ಲ, ಬೀಗ ಹಾಕಿತ್ತು ಅಂದ್ರು."

ಅವಳು ನನ್ನ ಕೈಯಿಂದ ವಾದ್ಯವನ್ನು ತೆಗೆದುಕೊಂಡಳು.

"ಬೀಗ ಹಾಕಿರಲಿಲ್ಲ ಅತ್ತಿಗೆ," ಎಂದಳು. "ಒಳಗೇ ಇದ್ದೆ. ಅವನು ಬಾಗಿಲು ಬಡಿಯೋದನ್ನ ಕೇಳಿಸ್ಕೊಂಡು ಕೂತಿದ್ದೆ."