ಬ್ರಿಡ್ಜ್ ಮೋಡ್ ಮತ್ತು ಅತ್ತೆಯ ಬೆಲ್

ನಮ್ಮ ಮನೆಯಲ್ಲಿ ಎರಡು ರೂಟರ್. ಒಂದು ಇಂಟರ್ನೆಟ್ ಕಂಪನಿಯವರು ಹಾಲ್‌ನ ಗೋಡೆಗೆ ಹೊಡೆದು ಹೋದದ್ದು, ಇನ್ನೊಂದು ನನ್ನ ಗಂಡ ಆಸೆಪಟ್ಟು ತಂದು ಅದರ ಬೆನ್ನಿಗೆ ಜೋಡಿಸಿದ್ದು. ಎರಡಕ್ಕೂ ತಾನೇ ಯಜಮಾನ ಅನ್ನೋ ಜಂಬ. ಒಳಗೆ ಹೊರಗೆ ಹೋಗುವ ಮಾಹಿತಿಯ ಮೇಲಿನ ವಿಳಾಸವನ್ನು ಒಂದು ಬದಲಿಸಿ ಕಳಿಸಿದರೆ ಇನ್ನೊಂದು ಮತ್ತೆ ಬದಲಿಸಿ ಕಳಿಸಬೇಕು. ನಾನು ಆನ್‌ಲೈನಿನಲ್ಲಿ ಗಣಿತ ಪಾಠ ಹೇಳುವವಳು. ಮನೆಯ ಫೋನು, ಟೀವಿ ಎಲ್ಲ ಒಟ್ಟಿಗೆ ನಡೆಯುವಾಗ ಮಕ್ಕಳ ಪರದೆಯ ಮೇಲೆ ನಾನು ಬಾಯಿ ತೆರೆದುಕೊಂಡು ಕಲ್ಲಾಗಿಬಿಡುತ್ತಿದ್ದೆ. ಅದನ್ನು ನೋಡಿ ನಕ್ಕವರ ಮೇಲೆ ನನಗಿನ್ನೂ ಸಿಟ್ಟಿದೆ.

ಒಳಕೋಣೆಯಲ್ಲಿ ಅತ್ತೆ ಮಲಗಿರುತ್ತಾರೆ. ಲಕ್ವ ಹೊಡೆದ ಮೇಲೆ ಅವರ ಬಾಯಲ್ಲಿ ಉಳಿದದ್ದು ಎರಡೇ ಮಾತು: 'ಬೇಡ', 'ಆಯ್ತು'. ದಿಂಬಿನ ಪಕ್ಕ ಒಂದು ಪುಟ್ಟ ವೈಫೈ ಬೆಲ್ ಇದೆ. ಒತ್ತಿದರೆ ನನ್ನ ಫೋನು ಟಿಣ್ ಅನ್ನುತ್ತದೆ, ನಾನು ಓಡುತ್ತೇನೆ. ನಮ್ಮ ಹೊಸ ರೂಟರ್ ಬರುವ ಮುಂಚೆ ನಾದಿನಿ ಬಂದು ಹಾಕಿಕೊಟ್ಟು ಹೋದದ್ದು ಅದು.

ಕಂಪನಿಯ ಟೆಕ್ನಿಷಿಯನ್ ಬೆಳಗ್ಗೆಯೇ ಬಂದ. ಗೋಡೆಯ ಡಬ್ಬಿ, ಅಂದರೆ ಕಂಪನಿಯ ರೂಟರ್ ಮುಟ್ಟಿ, "ಕೆಂಡದ ಹಾಗೆ ಕಾದಿದೆ ಮೇಡಂ. ಹಳೇದು, ಇಷ್ಟೊಂದು ಕನೆಕ್ಷನ್ ಒಟ್ಟಿಗೆ ಸಂಭಾಳಿಸೋಕೆ ಆಗ್ತಿಲ್ಲ. ಬ್ರಿಡ್ಜ್ ಮೋಡಿಗೆ ಹಾಕಿದ್ರೆ ಇದು ಬರೀ ಲೈನ್ ದಾಟಿಸುತ್ತೆ, ಉಳಿದ ಕೆಲಸ ನಿಮ್ಮ ರೂಟರ್ ನೋಡಿಕೊಳ್ಳುತ್ತೆ," ಅಂದ.

"ಹಾಗಾದ್ರೆ ಸ್ಪೀಡ್ ಡಬಲ್!" ಗಂಡನ ಮುಖ ಅರಳಿತು.

"ಇಲ್ಲ ಸಾರ್. ನೀವು ತಗೊಂಡಿರೋ ಪ್ಲಾನಿಗಿಂತ ಜಾಸ್ತಿ ಎಲ್ಲಿಂದ ಬರಬೇಕು? ನಿಂತು ನಿಂತು ಹೋಗೋದು ತಪ್ಪಬಹುದು, ಅಷ್ಟೆ. ಆದರೆ ಇದರ ವೈಫೈ ಆಫ್ ಆಗುತ್ತೆ. ಇದಕ್ಕೇ ಕನೆಕ್ಟ್ ಆಗಿರೋದು ಏನಾದ್ರೂ ಇದೆಯಾ?"

"ಏನೂ ಇಲ್ಲ, ಎಲ್ಲಾ ನಮ್ಮದರಲ್ಲೇ," ಅಂದರು ನಮ್ಮ ಯಜಮಾನರು. ನಾನೂ ತಲೆ ಆಡಿಸಿದೆ. ಟೆಕ್ನಿಷಿಯನ್ ಲಾಗಿನ್ ವಿವರಗಳನ್ನು ನಮ್ಮ ರೂಟರಿಗೆ ಹಾಕಿ ಕೆಲಸ ಮುಗಿಸಿದ. ಗಂಡ ಸ್ಪೀಡ್ ಟೆಸ್ಟ್ ಮಾಡಿ ನೋಡಿದರೆ ಅಂಕಿ ಹೆಚ್ಚುಕಮ್ಮಿ ಅಲ್ಲೇ. ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋಗಿ, ಕೆಮ್ಮುತ್ತಿದ್ದ ಅಮ್ಮನಿಗೆ ನೀರು ಕುಡಿಸಿ, "ಅಮ್ಮಾ, ಇವತ್ತು ನಿನ್ನ ಸೊಸೆ ಪಾಠ ಜೋರು. ನಿನ್ನ ಬೆಲ್‌ಗೆ ರಜಾ ಕೊಟ್ಟುಬಿಡು," ಅಂತ ತಮಾಷೆ ಮಾಡಿ ಆಫೀಸಿಗೆ ಹೊರಟರು.

ಮಧ್ಯಾಹ್ನದ ಪಾಠ ನೀರು ಹರಿದ ಹಾಗೆ ಹೋಯಿತು. ಒಮ್ಮೆಯೂ ನಾನು ಕಲ್ಲಾಗಲಿಲ್ಲ. ಫೋನು ಟಿಣ್ ಅನ್ನಲೂ ಇಲ್ಲ. ಅತ್ತೆಗೆ ಒಳ್ಳೆ ನಿದ್ದೆ ಬಂದಿದೆ ಅಂದುಕೊಂಡೆ.

ಪಾಠ ಮುಗಿಸಿ ಹೋಗಿ ನೋಡುತ್ತೇನೆ, ಹಾಸಿಗೆ ಒದ್ದೆ. ಅತ್ತೆ ಗೋಡೆ ಕಡೆ ಮುಖ ಮಾಡಿಕೊಂಡಿದ್ದರು. ಬೆಲ್ ಇನ್ನೂ ಅಂಗೈಯೊಳಗೇ ಇತ್ತು, ಬೆರಳ ತುದಿ ಕೆಂಪಾಗಿತ್ತು. ನಾನು ಒತ್ತಿದೆ. ಫೋನು ಕಮಕ್ ಕಿಮಕ್ ಅನ್ನಲಿಲ್ಲ. ಆಗ ಹೊಳೆಯಿತು, ಬೆಲ್ ಇದ್ದದ್ದು ಗೋಡೆಯ ಡಬ್ಬಿಯ ವೈಫೈನಲ್ಲಿ. ಹಾಸಿಗೆ ಬದಲಿಸಿ, ಮೈ ಒರೆಸಿ, "ಅತ್ತೆ, ಅದು ಕೆಟ್ಟಿತ್ತು, ಸರಿ ಮಾಡ್ತೀನಿ," ಅಂದೆ.

ಅತ್ತೆ ಬೆಲ್ಲನ್ನು ದೂರ ತಳ್ಳಿದರು. "ಬೇಡ."

ಕೆಟ್ಟಿದ್ದಲ್ಲ, ಬೇಕಂತಲೇ ನಿಲ್ಲಿಸಿದ್ದಾರೆ ಅಂತ ಅವರ ಲೆಕ್ಕ. ಬೆಳಗ್ಗೆ ಮಗನೇ ಹೇಳಿ ಹೋಗಿದ್ದನಲ್ಲ, ರಜಾ ಅಂತ! ಗಂಡನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವರು ಆಫೀಸಿನ ಕೆಲಸ ಅರ್ಧಕ್ಕೇ ಬಿಟ್ಟು ಮನೆಗೆ ಬಂದರು.

ಬ್ರಿಡ್ಜ್ ಮೋಡ್ ತೆಗೆಸಬೇಕಾಗಿರಲಿಲ್ಲ. ಗೋಡೆಯ ಡಬ್ಬಿಗೆ ಅಂಟಿಸಿದ್ದ ಚೀಟಿಯಲ್ಲಿ ಹಳೆಯ ವೈಫೈ ಹೆಸರು, ಪಾಸ್‌ವರ್ಡ್ ಇದ್ದವು. ಅವನ್ನು ಯಾರೂ ಬದಲಿಸಿರಲಿಲ್ಲ. ನಮ್ಮ ರೂಟರಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡಿನ ಇನ್ನೊಂದು ವೈಫೈ ತೆರೆದೆ. ಬೆಲ್ ತನ್ನ ಹಳೇ ಮನೆ ಅಂದುಕೊಂಡು ಬಂದು ಸೇರಿಕೊಂಡಿತು. ಯಂತ್ರಕ್ಕೆ ಅಷ್ಟು ಸಾಕು, ಮನುಷ್ಯರಿಗೆ ಸಾಲದು. ಅತ್ತೆ ಬೆಲ್ ಮುಟ್ಟಲೇ ಇಲ್ಲ.

ಕೊನೆಗೆ ಗಂಡ ಬೆಲ್ ತಗೊಂಡು ಅಡುಗೆಮನೆಗೆ ಹೋದರು. ನಾನು ನನ್ನ ಫೋನನ್ನು ಅತ್ತೆಯ ಕೈಗಿಟ್ಟೆ. ಟಿಣ್ ಅಂದಿತು. ಅತ್ತೆ ಬೆಚ್ಚಿಬಿದ್ದರು. ಮತ್ತೆ ಟಿಣ್. ಅಡುಗೆಮನೆಯಿಂದ ಮಗನ ದನಿ ಕೇಳಿತು, "ಅಮ್ಮಾ, ನಾನು ಕರೀತಿದ್ದೀನಿ. ಕೇಳಿಸ್ತಾ? ಬೆಳಗ್ಗೆ ಹೇಳಿದ್ದು ಬರೀ ತಮಾಷೆ ಅಮ್ಮಾ."

ಅತ್ತೆ ಫೋನನ್ನು ನನ್ನ ಕೈಗೆ ವಾಪಸಿಟ್ಟರು. "ಆಯ್ತು," ಅಂದರು. ಕೈ ಚಾಚಿ ಬೆಲ್ ಕೇಳಿದರು.

ಸಂಜೆಯ ಪಾಠ ಅರ್ಧಕ್ಕೆ ಬಂದಿತ್ತು, ಟಿಣ್ ಅಂದಿತು. ಮಕ್ಕಳನ್ನು ಹಾಗೇ ಬಿಟ್ಟು ಓಡಿದೆ. ಹಾಸಿಗೆ ಒದ್ದೆಯಾಗಿರಲಿಲ್ಲ, ಚೊಂಬಿನಲ್ಲಿ ನೀರೂ ಇತ್ತು. ಅತ್ತೆ ನನ್ನ ಮುಖ ನೋಡಿದರು, ನಿಜವಾಗಲೂ ಬಂದೆನಾ ಅಂತ. ನಾನು ಅವರ ಪಕ್ಕ ಕೂತೆ.