ಒಳಮೆಟ್ಟಿಲಿಗೆ ಮಣ್ಣಿನ ಗೋಡೆ

ಯುದ್ಧ ಮುಗಿದು ವರ್ಷವಾದರೂ ಹೊನ್ನಾಳಿಯ ಸಾವಂತ್ರಮ್ಮನ ಗಂಡ ಹಾಲೇಶಪ್ಪ ಪಲ್ಟನ್ನಿನಿಂದ ಮನೆಗೆ ಬಂದಿರಲಿಲ್ಲ. "ಬರೋನಾಗಿದ್ರೆ ಇಷ್ಟೊತ್ತಿಗೆ ಬರ್ತಿದ್ದ, ಮಹಡಿ ಬಾಡಿಗೆಗೆ ಕೊಡಾನ" ಎಂದು ಅತ್ತೆ ಅಜ್ಜಮ್ಮ ಹಟ ಹಿಡಿದರು. ಸರಿ, ಬಾಡಿಗೆಗೆ ಬರುವ ಮೇಷ್ಟರ ಸಂಸಾರಕ್ಕೆಂದು ಬೀದಿ ಕಡೆಯಿಂದ ಕಲ್ಲಿನ ಮೆಟ್ಟಿಲಾಯಿತು. ಮೇಲಿನ ಹಿಂದಿನ ಕೋಣೆಗೆ ಹೊಗೆಗಂಡಿ ಇಟ್ಟು ಅಡುಗೆಮನೆ ಮಾಡಿದ್ದಾಯಿತು. ಕರೆಂಟಿನವರು ಬಂದು ಮಹಡಿಯ ತಂತಿ ಬೇರೆ ಮಾಡಿ ಎರಡನೇ ಮೀಟರು ಕೂರಿಸಿದರು. ಉಳಿದದ್ದು ಒಳಮೆಟ್ಟಿಲ ತುದಿಯ ಬಾಗಿಲು ಮುಚ್ಚುವುದೊಂದೇ. ಬೆಳಗಾದರೆ ಹಾಲೇಶಪ್ಪ ಧಡಧಡನೆ ಇಳಿದು ಬರುತ್ತಿದ್ದ ಮೆಟ್ಟಿಲು ಅದು.

"ಇಟ್ಟಿಗೆ ಇಟ್ಟು ಗಾರೆ ಹಾಕಿ ಕಟ್ತೀನ್ರೀ ಅಕ್ಕಾ" ಎಂದ ಮೇಸ್ತ್ರಿ ಉಚ್ಚಂಗೆಪ್ಪ.

"ಗಾರೆ ಬ್ಯಾಡಪ್ಪ, ಮಣ್ಣಾಗೆ ಕಟ್ಟು" ಎಂದಳು ಸಾವಂತ್ರಮ್ಮ.

"ಬರೀ ಮಣ್ಣಾದ್ರೆ ನಾಕು ಗುದ್ದಿಗೆ ಬೀಳ್ತೈತ್ರೀ!"

"ಬೀಳ್ಲಿ ಬಿಡು. ಅವರು ಬಂದ ದಿನ ನಿನ್ನ ಹುಡುಕ್ಕಂಡು ಯಾರು ಅಲೀತಾರೆ? ನಾನೇ ಕೆಡವ್ತೀನಿ."

ಬೈಯಲೆಂದು ಬಾಯಿ ತೆರೆದ ಅಜ್ಜಮ್ಮ ಸೊಸೆಯ ಮುಖ ನೋಡಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಣ್ಣು ಕಲಸಲು ತಾವೇ ಒಂದು ಕೊಡ ನೀರು ತಂದಿಟ್ಟರು.